ಚರ್ಮವೋ, ರೆಕ್ಸಿನ್ನೋ, ಪುಡಿಚರ್ಮವೋ?

ಒಂದೇ ಬಣ್ಣದ, ಒಂದೇ ಹೊಳಪಿನ ಮೂರು ಬೆಲ್ಟುಗಳನ್ನು ತೆಗೆದುಕೊಳ್ಳೋಣ. ಒಂದು ಅಸಲು ಚರ್ಮದ್ದು. ಇನ್ನೊಂದು ಕೃತಕ, ಎಂದರೆ ರೆಕ್ಸಿನ್ನಿನದು. ಮೂರನೆಯದು ‘ಬಾಂಡೆಡ್ ಲೆದರ್’ ಎಂಬ ಪುಡಿಚರ್ಮದ್ದು. ಮೇಲ್ಮೈಯನ್ನು ಮಾತ್ರ ನೋಡಿ ಇವನ್ನು ವರ್ಣಿಸುವವನು ಮೋಸಹೋಗುವುದು ಸಹಜ. ಏಕೆಂದರೆ ರೋಮರಂಧ್ರಗಳ ಗುರುತನ್ನು ಅಚ್ಚಿನಿಂದ ಯಾವ ಹಾಳೆಯ ಮೇಲಾದರೂ ಒತ್ತಬಹುದು. ಗುಟ್ಟು ಇರುವುದು ಕತ್ತರಿಸಿದ ಅಂಚಿನಲ್ಲಿ.

ಪ್ರಾಣಿಯ ತೊಗಲಿನಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಎಲ್ಲ ದಿಕ್ಕುಗಳಲ್ಲಿಯೂ ಹೆಣೆದುಕೊಂಡಿವೆ. ರೋಮವಿದ್ದ ಬದಿಯಲ್ಲಿ ಹೆಣಿಗೆ ನವಿರು, ಒತ್ತು. ಒಳಕ್ಕೆ ಹೋದಂತೆ ಎಳೆಗಳು ದಪ್ಪವಾಗುತ್ತವೆ. ಹದಮಾಡಿದ ಮೇಲೂ ಈ ಹೆಣಿಗೆ ಉಳಿಯುವುದೇ ಚರ್ಮದ ಲಕ್ಷಣ. ಪುಡಿಚರ್ಮದಲ್ಲಿಯೂ ಅದೇ ಎಳೆಗಳಿರುತ್ತವೆ. ಆದರೆ ಚರ್ಮದ ಚೂರುಗಳನ್ನು ಅರೆದು, ಅಂಟಿನೊಡನೆ ಕಲಸಿ, ಹಾಳೆಯಾಗಿ ಒತ್ತಿರುವುದರಿಂದ ಹೆಣಿಗೆ ನಾಶವಾಗಿರುತ್ತದೆ. ರೆಕ್ಸಿನ್ನಿನಲ್ಲಿ ಚರ್ಮವೇ ಇಲ್ಲ. ಬಟ್ಟೆಯ ಮೇಲೆ ಪಿ.ವಿ.ಸಿ. ಅಥವಾ ಪಾಲಿಯುರಿಥೇನ್ ಲೇಪಿಸಿರುತ್ತಾರೆ.

ಬೆಲ್ಟಿನ ಅಂಚಿಗೆ ಬಣ್ಣ ಬಳಿದಿರುವುದುಂಟು. ಆಗ ಕೊಂಡಿಯ ಮುಳ್ಳು ಹೋಗುವ ತೂತಿನ ಒಳಗೋಡೆಯನ್ನು ಭೂತಗನ್ನಡಿಯಿಂದ ನೋಡಬೇಕು. ಅಲ್ಲಿ ಉದ್ದುದ್ದ ಎಳೆಗಳು ಹೆಣೆದುಕೊಂಡು ಕಂಡರೆ ಅದು ಚರ್ಮ. ರಟ್ಟಿನಂತೆ ಒಂದೇ ಸಮನಾಗಿದ್ದು, ಉಗುರಿನಿಂದ ಕೆದಕಿದಾಗ ಮೋಟು ನಾರು ಉದುರಿದರೆ ಪುಡಿಚರ್ಮ. ನೂಲಿನ ನೇಯ್ಗೆಯೂ ಅದರ ಮೇಲೊಂದು ಪ್ಲಾಸ್ಟಿಕ್ ಪೊರೆಯೂ ಬೇರೆಬೇರೆಯಾಗಿ ಕಂಡರೆ ರೆಕ್ಸಿನ್. ಬಳಸಿದ ಬೆಲ್ಟಿನಲ್ಲಿ ಗುರುತು ಇನ್ನೂ ಸ್ಪಷ್ಟ: ಚರ್ಮದ ತೂತು ಹಿಗ್ಗಿ ಉದ್ದವಾಗುತ್ತದೆ, ಪುಡಿಚರ್ಮ ಮಡಿಕೆಯಲ್ಲಿ ಬಿರಿದು ಪುಡಿಯಾಗುತ್ತದೆ, ರೆಕ್ಸಿನ್ನಿನ ಪೊರೆ ಸುಲಿದು ಬಟ್ಟೆ ಹೊರಬೀಳುತ್ತದೆ.

ಸುಟ್ಟು ಮೂಸಿ ನೋಡುವ ರೂಢಿಯನ್ನು ನಂಬುವಂತಿಲ್ಲ. ಕೂದಲು ಸುಟ್ಟ ವಾಸನೆ ಪ್ರೋಟೀನಿನದು; ಆದ್ದರಿಂದ ಅದು ಪುಡಿಚರ್ಮದಿಂದಲೂ ಬರುತ್ತದೆ.

ಈಗ ಒಂದು ತೊಡಕಿನ ಉದಾಹರಣೆ. ಬೆಲ್ಟೊಂದರ ಮೇಲೆ ‘ಅಸಲು ಚರ್ಮ’ ಎಂಬ ಮುದ್ರೆಯಿದೆ. ತೂತಿನಲ್ಲಿ ನೋಡಿದರೆ ಮೂರು ಪದರಗಳು: ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆ, ಅದರ ಕೆಳಗೆ ದಪ್ಪ ಎಳೆಗಳ ಹೆಣಿಗೆ, ಒಳಬದಿಗೆ ಉದುರುವ ಹಾಳೆ. ನಡುವಿನದು ತೊಗಲನ್ನು ಸೀಳಿದಾಗ ದೊರೆಯುವ ಕೆಳಪದರ. ಅದೂ ಚರ್ಮವೇ, ಆದರೆ ರೋಮದ ಬದಿಯ ಗಟ್ಟಿ ಪದರ ಅದಕ್ಕಿಲ್ಲ. ಯುರೋಪಿನ ಇ.ಎನ್. 15987 ಮಾನಕದಂತೆ ಮೇಲ್ಲೇಪವು 0.15 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ಅದನ್ನು ಬರಿದೇ ಚರ್ಮವೆಂದು ಕರೆಯುವಂತಿಲ್ಲ.

ಇಂಥ ವಸ್ತುವಿಗೆ ಒಂದೇ ಹೆಸರು ಸಾಲದು, ಪದರ ಪದರವಾಗಿ ಬರೆಯಬೇಕು: ‘ಹೊರಭಾಗ, ಪಾಲಿಯುರಿಥೇನ್ ಲೇಪಿಸಿದ ಸೀಳುಚರ್ಮ, ಒಳಪದರ, ಪುಡಿಚರ್ಮ, ಅಂಚಿಗೆ ಬಣ್ಣ ಬಳಿದಿದೆ.’ ಲೇಪದ ಜಾತಿ ತಿಳಿಯದಿದ್ದರೆ ‘ಪ್ಲಾಸ್ಟಿಕ್ ಲೇಪ’ ಎಂದಷ್ಟೇ ಬರೆಯುವುದು ಲೇಸು. ಎಮ್ಮೆಯದೋ ಹಸುವಿನದೋ ಎಂಬುದನ್ನು ಸೀಳುಚರ್ಮವನ್ನು ಕಣ್ಣಿನಿಂದ ನೋಡಿ ಹೇಳಲಾಗದು. ರೋಮರಂಧ್ರಗಳ ವಿನ್ಯಾಸವು ಮೇಲ್ಪದರದೊಡನೆಯೇ ಹೋಗಿರುತ್ತದೆ.