‘ಹಾಯ್ ಅಣ್ಣ, ಜಾಬ್ ಇದ್ರೆ ಹೇಳಿ’

ಕ್ಯಾಸಂಬಳ್ಳಿಯಿಂದ ಬಂಗಾರಪೇಟೆಗೆ ಬಂದು ಬೆಂಗಳೂರಿನ ರೈಲು ಹಿಡಿದ ಹುಡುಗ ಸೀಟು ಸಿಕ್ಕ ಕೂಡಲೇ ಲಿಂಕ್ಡ್‌ಇನ್ ತೆರೆಯುತ್ತಾನೆ. ಕಾಲೇಜಿನ ಪುಟದಲ್ಲಿ Alumni ಒತ್ತಿದರೆ ಹಳೆಯ ವಿದ್ಯಾರ್ಥಿಗಳು ಯಾವ ಊರಲ್ಲಿ, ಯಾವ ಕಂಪನಿಯಲ್ಲಿದ್ದಾರೆ ಎಂದು ಸೋಸಿ ನೋಡಬಹುದು. ಇಪ್ಪತ್ತು ಮಂದಿಗೆ ಒಂದೇ ಸಾಲು ಹೋಗುತ್ತದೆ: ‘ಹಾಯ್ ಅಣ್ಣ, ಜಾಬ್ ಇದ್ರೆ ಹೇಳಿ, ಅರ್ಜೆಂಟ್.’

ಕಾಣದವರನ್ನು ಅಣ್ಣ ಎಂದದ್ದು ದೊಡ್ಡ ತಪ್ಪಲ್ಲ, ನಮ್ಮ ಕಡೆಯ ರೂಢಿ. ಆದರೆ ನೀವು ಯಾರು, ಯಾವ ಕೆಲಸ ಬೇಕು ಎಂಬುದೇ ಆ ಸಾಲಿನಲ್ಲಿಲ್ಲ. ಹುಡುಕುವ ಹೊರೆಯೆಲ್ಲ ಓದುವವರ ತಲೆಗೆ. ಅದರ ಬದಲು ಹೀಗೆ ಬರೆಯಿರಿ:

‘ನಮಸ್ಕಾರ ಸರ್. ನಾನು ಕ್ಯಾಸಂಬಳ್ಳಿಯವನು, ನಮ್ಮ ಕಾಲೇಜಿನ ಮೆಕ್ಯಾನಿಕಲ್ 2025ರ ಬ್ಯಾಚ್. ನೀವು ಡಿಸೈನಿನಿಂದ ಕ್ವಾಲಿಟಿಗೆ ಬದಲಾದದ್ದು ನೋಡಿದೆ. ಆ ಬಗ್ಗೆ ಎರಡು ಪ್ರಶ್ನೆ ಕೇಳಬಹುದೇ? ಬಿಡುವಿದ್ದಾಗ ಉತ್ತರಿಸಿ.’

ಇಲ್ಲಿ ಕೆಲಸದ ಮಾತೇ ಇಲ್ಲ, ಗಮನಿಸಿ. ಅವರ ಪ್ರೊಫೈಲನ್ನು ನಿಜವಾಗಿ ಓದಿದ ಗುರುತು ಮಾತ್ರ ಇದೆ. ಉಚಿತ ಖಾತೆಯವರ ಆಹ್ವಾನದ ಟಿಪ್ಪಣಿಗೆ 200 ಅಕ್ಷರಗಳ ಮಿತಿ. ಕನ್ನಡದ ಗುಣಿತ, ಒತ್ತುಗಳನ್ನೂ ಯಂತ್ರ ಬೇರೆ ಬೇರೆಯಾಗಿ ಎಣಿಸುವುದರಿಂದ ಜಾಗ ಬೇಗ ಮುಗಿಯುತ್ತದೆ. ಅವರಿಗೆ ಇಂಗ್ಲಿಷೇ ಹಗುರವೆನಿಸಿದರೆ ಹಾಗೇ ಬರೆಯಿರಿ, ‘plz’, ‘u’ ಬೇಡ.

ಉತ್ತರ ಬಂದು ನಾಲ್ಕು ಮಾತು ಆದಮೇಲೆ ರೆಫರಲ್ ಕೇಳಿ. ಆಗಲೂ ‘ಯಾವುದಾದರೂ ಆದೀತು’ ಎನ್ನದೆ ಹುದ್ದೆಯ ಹೆಸರು, ಜಾಬ್ ಐಡಿ, ಒಂದು ಪುಟದ ರೆಸ್ಯೂಮೆ ಒಟ್ಟಿಗೆ ಕೊಡಿ. ಅವರು ಕಂಪನಿಯ ಪೋರ್ಟಲಿಗೆ ಏರಿಸಬೇಕಾದದ್ದೂ ಅಷ್ಟೇ. ಉತ್ತರ ಬರದಿದ್ದರೆ ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಸುಮ್ಮನಿದ್ದುಬಿಡಿ.