ಹತ್ತು ಪರ್ಸೆಂಟ್ ಡಿವಿಡೆಂಡ್ ಎಲ್ಲಿಂದ ಬರುತ್ತದೆ?

ಲಂಡನ್ನಿನಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಷೇರಿನ ಮಾತು ಬಂದರೆ ಅದು ಬೇಗ ಡಿವಿಡೆಂಡಿನ ಕಡೆಗೆ ಹೊರಳುತ್ತದೆ. ಎಫ್‌ಡಿ ಬಡ್ಡಿ ನೋಡಿಕೊಂಡು ಬೆಳೆದವರು ನಾವು. ಖಾತೆಗೆ ಕಾಲಕಾಲಕ್ಕೆ ದುಡ್ಡು ಬಿದ್ದರೆ ನೆಮ್ಮದಿ. 2019ರ ವಸಂತದಲ್ಲಿ ಹ್ಯಾರೋದಲ್ಲಿರುವ ನಮ್ಮ ಭಾವ ಫೋನ್ ಮುಂದೆ ಹಿಡಿದು, ‘ನೋಡಯ್ಯ, ವೊಡಾಫೋನ್ ಹತ್ತು ಪರ್ಸೆಂಟ್ ಕೊಡ್ತಿದೆ. ಇಲ್ಲಿನ ಬ್ಯಾಂಕು ಎರಡೂ ಕೊಡಲ್ಲ. ಈ ವರ್ಷದ ಐಸಾ ಪೂರ್ತಿ ಇದಕ್ಕೇ ಹಾಕಲೇನು?’ ಅಂದರು. ಊರಲ್ಲಿ ಹಚ್ ಸಿಮ್ ಇಟ್ಟುಕೊಂಡಿದ್ದವರು, ಆಮೇಲೆ ಅದೇ ವೊಡಾಫೋನ್ ಆದದ್ದನ್ನು ಕಂಡವರು. ಪರಿಚಯದ ಹೆಸರು ಅನ್ನುವ ಧೈರ್ಯವೂ ಅವರಿಗಿತ್ತು.

‘ಹತ್ತು ಪರ್ಸೆಂಟ್ ಇರೋದು ನಿಜ ಭಾವ, ಆದರೆ ಹತ್ತು ಆಗಿದ್ದು ಹೇಗೆ ಅಂತ ನೋಡೋಣ’ ಅಂದೆ. ಕಾಗದದ ಮೇಲೆ ಲೆಕ್ಕ ಹಾಕಿದೆವು.

ಡಿವಿಡೆಂಡ್ ಯೀಲ್ಡ್ ಅಂದರೆ ಒಂದು ಷೇರಿಗೆ ವರ್ಷಕ್ಕೆ ಸಿಗುವ ಡಿವಿಡೆಂಡನ್ನು ಆ ಷೇರಿನ ಇವತ್ತಿನ ಬೆಲೆಯಿಂದ ಭಾಗಿಸಿದ್ದು. ವೊಡಾಫೋನ್ ಲೆಕ್ಕ ಇಡುವುದು ಯೂರೋದಲ್ಲಿ. 2018ರ ಮಾರ್ಚಿಗೆ ಮುಗಿದ ವರ್ಷಕ್ಕೆ ಅದು ಕೊಟ್ಟದ್ದು ಷೇರಿಗೆ 15.07 ಯೂರೋ ಸೆಂಟ್, ಅಂದರೆ ಸುಮಾರು 13 ಪೆನ್ಸ್. 2018ರ ಆರಂಭದಲ್ಲಿ ಷೇರಿನ ಬೆಲೆ 230 ಪೆನ್ಸ್ ಆಸುಪಾಸಿನಲ್ಲಿತ್ತು. 13ನ್ನು 230ರಿಂದ ಭಾಗಿಸಿದರೆ ಸುಮಾರು 5.7 ಪರ್ಸೆಂಟ್. 2019ರ ಮೇ ಹೊತ್ತಿಗೆ ಬೆಲೆ ಸುಮಾರು 130ಕ್ಕೆ ಇಳಿದಿತ್ತು. ಅದೇ 13ನ್ನು 130ರಿಂದ ಭಾಗಿಸಿ: ಹತ್ತು ಪರ್ಸೆಂಟ್. ಕಂಪನಿ ಒಂದು ಪೆನ್ನಿಯನ್ನೂ ಹೆಚ್ಚಿಗೆ ಕೊಟ್ಟಿರಲಿಲ್ಲ. ಯೀಲ್ಡ್ ಏರಿದ್ದು ಬೆಲೆ ಬಿದ್ದಿದ್ದರಿಂದ ಮಾತ್ರ.

ಬೆಲೆ ಯಾಕೆ ಬಿತ್ತು? ಈ ಡಿವಿಡೆಂಡ್ ಉಳಿಯುವುದಿಲ್ಲ ಎಂದು ಮಾರುಕಟ್ಟೆ ಆಗಲೇ ಅನುಮಾನಿಸುತ್ತಿತ್ತು. ಫೋನಿನಲ್ಲಿ ಕಾಣುವ ಯೀಲ್ಡ್ ಹಳೆಯ ಡಿವಿಡೆಂಡನ್ನು ಇವತ್ತಿನ ಬೆಲೆಗೆ ಹೋಲಿಸುತ್ತದೆ. ಬೆಲೆಯಾದರೋ ಮುಂದಿನ ಡಿವಿಡೆಂಡನ್ನು ಊಹಿಸಿ ನಿಂತಿರುತ್ತದೆ. ಇವೆರಡರ ನಡುವಿನ ಬಿರುಕೇ ಆ ದೊಡ್ಡ ಪರ್ಸೆಂಟ್.

ಅನುಮಾನಕ್ಕೆ ಆಧಾರ ಇದೆಯೇ ಎಂದು ನೋಡಲು ಪೇಔಟ್ ರೇಶಿಯೊ ಬೇಕು. ಷೇರಿಗೆ ಬಂದ ಲಾಭದಲ್ಲಿ ಎಷ್ಟು ಪಾಲನ್ನು ಹಂಚಿದ್ದಾರೆ ಅನ್ನುವುದೇ ಅದು. 2018ರ ಮಾರ್ಚಿಗೆ ಮುಗಿದ ಅದೇ ವರ್ಷ ವೊಡಾಫೋನಿನ ಲಾಭ, ಒಮ್ಮೆ ಮಾತ್ರ ಬರುವ ಬಾಬುಗಳನ್ನು ತೆಗೆದು ನೋಡಿದರೂ, ಷೇರಿಗೆ 11.59 ಸೆಂಟ್. ಹಂಚಿದ್ದು 15.07. ಅಂದರೆ 130 ಪರ್ಸೆಂಟ್: ನೂರು ಗಳಿಸಿ ನೂರಮೂವತ್ತು ಕೊಡುವುದು. ಟೆಲಿಕಾಂ ಕಂಪನಿಗಳಲ್ಲಿ ಸವಕಳಿಯ ಬಾಬು ದೊಡ್ಡದು, ಅದು ಕೈಬಿಟ್ಟು ಹೋಗುವ ನಗದಲ್ಲ. ಹಾಗಾಗಿ ಕೆಲವು ವರ್ಷ ಹೀಗೆ ನಡೆಸಬಹುದು. ಆದರೆ ಅದೇ ಹೊತ್ತಿಗೆ ಇಟಲಿಯ 5ಜಿ ತರಂಗಾಂತರಕ್ಕೆ 240 ಕೋಟಿ ಯೂರೋ ಕಟ್ಟಬೇಕಿತ್ತು, ಜರ್ಮನಿಯ ಹರಾಜು ನಡೆಯುತ್ತಿತ್ತು, ಲಿಬರ್ಟಿ ಗ್ಲೋಬಲ್‌ನ ಕೇಬಲ್ ಜಾಲವನ್ನು ಕೊಳ್ಳಲು 1,800 ಕೋಟಿ ಯೂರೋ ಮೀರಿದ ಒಪ್ಪಂದ ಆಗಿತ್ತು. ಸಾಲ ಏರುವುದು ಖಚಿತವಿತ್ತು.

2018ರ ನವೆಂಬರಿನಲ್ಲಿ ಮುಖ್ಯಸ್ಥ ನಿಕ್ ರೀಡ್ ಡಿವಿಡೆಂಡನ್ನು ಏರಿಸುವುದಿಲ್ಲ, ಇದ್ದಷ್ಟೇ ಉಳಿಸಿಕೊಳ್ಳುತ್ತೇವೆ ಎಂದಿದ್ದರು. ಆರು ತಿಂಗಳಾದ ಮೇಲೆ, 2019ರ ಮೇ 14ರಂದು, ಅದು 9 ಸೆಂಟ್‌ಗೆ ಇಳಿಯಿತು. ಮಧ್ಯಂತರ ಡಿವಿಡೆಂಡ್ ಎಂದಿನಂತೆ 4.84 ಸೆಂಟ್ ಬಂದು ಆಗಿದ್ದರಿಂದ ಏಟೆಲ್ಲ ಅಂತಿಮ ಕಂತಿನ ಮೇಲೆ ಬಿತ್ತು: ಹಿಂದಿನ ವರ್ಷ 10.23 ಇದ್ದದ್ದು 4.16 ಆಯಿತು. 130 ಪೆನ್ಸಿನಂತೆ ಐದು ಸಾವಿರ ಷೇರು ಕೊಂಡವರು 6,500 ಪೌಂಡ್ ಹಾಕಿ ವರ್ಷಕ್ಕೆ 650 ನಿರೀಕ್ಷಿಸಿದ್ದರೆ, ಲೆಕ್ಕ 390ರ ಹತ್ತಿರಕ್ಕೆ ಬಂತು. ಭಾವ ಕೊಳ್ಳಲಿಲ್ಲ. ‘ಆರು ಪರ್ಸೆಂಟೂ ಪರವಾಗಿಲ್ಲವಲ್ಲೋ’ ಎಂದು ಆಮೇಲೂ ಅನ್ನುತ್ತಿದ್ದರು.

ಆ ಆರೂ ಉಳಿಯಲಿಲ್ಲ. ಇಲ್ಲಿಂದ ಮುಂದೆ ಪೇಔಟ್ ರೇಶಿಯೊ ಕೂಡ ಹೇಗೆ ಮೋಸಮಾಡಬಲ್ಲದು ಎಂಬುದು ಕಾಣುತ್ತದೆ. 2023ರ ಮಾರ್ಚಿಗೆ ಮುಗಿದ ವರ್ಷದಲ್ಲಿ ವೊಡಾಫೋನ್ ತೋರಿಸಿದ ಲಾಭ ಷೇರಿಗೆ 42 ಸೆಂಟ್‌ಗಿಂತ ಹೆಚ್ಚು. ಡಿವಿಡೆಂಡ್ 9 ಸೆಂಟ್. ಪೇಔಟ್ ಬರೀ 21 ಪರ್ಸೆಂಟ್! ಇದಕ್ಕಿಂತ ಭದ್ರ ಇನ್ನೇನು ಬೇಕು ಅನ್ನಿಸಬೇಕು. ಆದರೆ ಆ ಲಾಭದ ಬಹುಪಾಲು ವ್ಯಾಂಟೇಜ್ ಟವರ್ಸ್ ಎಂಬ ಟವರ್ ಕಂಪನಿಯ ಪಾಲುದಾರಿಕೆ ಬದಲಾದಾಗ ಪುಸ್ತಕದಲ್ಲಿ ಬಂದ, ಒಂದೇ ಸಲದ ಲಾಭ. ಅದನ್ನು ಬದಿಗಿಟ್ಟರೆ ಷೇರಿಗೆ 11.45 ಸೆಂಟ್; ಪೇಔಟ್ 79 ಪರ್ಸೆಂಟ್. ಅದರ ಮೇಲೆ, ಮುಂದಿನ ವರ್ಷ, ತರಂಗಾಂತರದ ಖರ್ಚು ಕಳೆಯುವ ಮೊದಲು, ಕೈಗೆ ಉಳಿಯುವ ನಗದು ಸುಮಾರು 330 ಕೋಟಿ ಯೂರೋ ಎಂದು ಕಂಪನಿಯೇ ಅಂದಾಜು ಕೊಟ್ಟಿತ್ತು. ಡಿವಿಡೆಂಡಿಗೇ ಬೇಕಾದದ್ದು 240 ಕೋಟಿಯ ಆಸುಪಾಸು. 2024ರ ಮಾರ್ಚ್ ಹೊತ್ತಿಗೆ ಷೇರು 70 ಪೆನ್ಸಿಗಿಂತ ಕೆಳಗೆ, ಯೀಲ್ಡ್ ಹನ್ನೊಂದರ ಮೇಲೆ. ಮಾರ್ಚ್ 15ರಂದು ಇಟಲಿಯ ವ್ಯವಹಾರ ಮಾರುವ ಸುದ್ದಿಯ ಜೊತೆಗೇ ಡಿವಿಡೆಂಡ್ ಮುಂದಿನ ವರ್ಷದಿಂದ ಅರ್ಧ, 4.5 ಸೆಂಟ್, ಎಂದು ಪ್ರಕಟವಾಯಿತು.

ಹಾಗಾದರೆ ಹತ್ತು ಪರ್ಸೆಂಟ್ ಕಂಡಲ್ಲೆಲ್ಲ ಓಡಬೇಕೇ? ಅದೇ 2024ರ ಆರಂಭದಲ್ಲಿ, ಥೇಮ್ಸ್ ದಂಡೆಯ ಟೆಂಪಲ್ ಪ್ಲೇಸಿನಲ್ಲಿ ಕಚೇರಿಯಿರುವ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕೂಡ ಹತ್ತರ ಹತ್ತಿರ ಯೀಲ್ಡ್ ತೋರಿಸುತ್ತಿತ್ತು. ನಮ್ಮ ಐಟಿಸಿಯ ದೊಡ್ಡ ಷೇರುದಾರ ಇದೇ ಕಂಪನಿ. ಸಿಗರೇಟಿನ ವ್ಯಾಪಾರ ಬೇಕೋ ಬೇಡವೋ ಎಂಬುದು ಅವರವರ ಮನಸ್ಸಿಗೆ ಬಿಟ್ಟಿದ್ದು. ನಾನು ನೋಡಿದ್ದು ಲೆಕ್ಕ. 2023ರಲ್ಲಿ ಅದು ಭಾರಿ ನಷ್ಟ ತೋರಿಸಿತ್ತು, ಪೇಔಟ್ ರೇಶಿಯೊಗೆ ಅರ್ಥವೇ ಇರಲಿಲ್ಲ. ಆದರೆ ಆ ನಷ್ಟ ಅಮೆರಿಕದ ಸಿಗರೇಟ್ ಬ್ರ್ಯಾಂಡುಗಳ ಮೌಲ್ಯವನ್ನು ಪುಸ್ತಕದಲ್ಲಿ ಇಳಿಸಿದ್ದರಿಂದ ಬಂದದ್ದು. ನಗದು ಹೊರಗೆ ಹೋಗಿರಲಿಲ್ಲ. ಅದನ್ನು ತೆಗೆದರೆ ಲಾಭ ಷೇರಿಗೆ 375.6 ಪೆನ್ಸ್, ಡಿವಿಡೆಂಡ್ 235.52, ಪೇಔಟ್ 63 ಪರ್ಸೆಂಟ್. ಮರುವರ್ಷ ಆ ಡಿವಿಡೆಂಡ್ ಕಡಿತವಾಗುವ ಬದಲು 240.24 ಪೆನ್ಸಿಗೆ ಏರಿತು.

ಒಂದು ಕಡೆ ಪುಸ್ತಕದ ಲಾಭ ಅಪಾಯವನ್ನು ಮುಚ್ಚಿತು, ಇನ್ನೊಂದು ಕಡೆ ಪುಸ್ತಕದ ನಷ್ಟ ಇಲ್ಲದ ಅಪಾಯವನ್ನು ತೋರಿಸಿತು. ಅದಕ್ಕೇ ದೊಡ್ಡ ಯೀಲ್ಡ್ ಕಂಡರೆ ನಾನು ಒಂದೇ ಕ್ರಮದಲ್ಲಿ ಹೋಗುತ್ತೇನೆ. ಎರಡು ವರ್ಷದ ಹಿಂದಿನ ಬೆಲೆ ತೆಗೆದು, ಏರಿದ್ದು ಡಿವಿಡೆಂಡೋ ಇಳಿದಿದ್ದು ಬೆಲೆಯೋ ಅಂತ ನೋಡುತ್ತೇನೆ. ಬೆಲೆ ಇಳಿದಿದ್ದರೆ ವಾರ್ಷಿಕ ವರದಿ ತೆಗೆದು, ಒಂದೇ ಸಲದ ಬಾಬುಗಳನ್ನು ಕಳೆದ ಲಾಭದ ಮೇಲೆ ಪೇಔಟ್ ಲೆಕ್ಕ ಹಾಕುತ್ತೇನೆ. ಆಮೇಲೆ ನಗದು ಹರಿವಿನ ಪಟ್ಟಿಗೆ ಹೋಗಿ, ಬಂಡವಾಳ ವೆಚ್ಚವೂ ಬಡ್ಡಿಯೂ ಕಳೆದ ಮೇಲೆ ಉಳಿದದ್ದು ಹಂಚಿದ ಡಿವಿಡೆಂಡಿಗಿಂತ ಹೆಚ್ಚೋ ಕಡಿಮೆಯೋ ಎಂದು ಮೂರು ವರ್ಷದ್ದು ಸಾಲಾಗಿ ಬರೆದುಕೊಳ್ಳುತ್ತೇನೆ. ಕಡಿಮೆ ಇದ್ದು, ಜೊತೆಗೆ ನಿವ್ವಳ ಸಾಲವೂ ಏರುತ್ತಿದ್ದರೆ, ಫೋನಿನಲ್ಲಿ ಕಾಣುವ ಪರ್ಸೆಂಟನ್ನು ಅರ್ಧ ಮಾಡಿ, ಆ ಅರ್ಧಕ್ಕೂ ಈ ಷೇರು ಬೇಕೇ ಎಂದು ಕೇಳಿಕೊಳ್ಳುತ್ತೇನೆ. ಬೇಡ ಅನ್ನಿಸಿದರೆ ಕೊಳ್ಳುವುದಿಲ್ಲ.