ಉಪ್ಪಿನಕಾಯಿ ಬಾಟಲಿಯಲ್ಲಿ ಎಣ್ಣೆ ಎಲ್ಲಿವರೆಗೆ ನಿಂತಿದೆ ನೋಡಿ

ಮನೆ ತೋಟದ ಮಾವಿನಕಾಯಿಯಲ್ಲಿ ಉಪ್ಪಿನಕಾಯಿ ಹಾಕಿ ಮೊದಲ ಸಲ ಮಾರಿದ ವರ್ಷ, ಒಂದೂವರೆ ತಿಂಗಳಿಗೆ ಗ್ರಾಹಕರೊಬ್ಬರ ಫೋನ್ ಬಂತು. "ಮೇಲೆ ಬಿಳಿ ಬೂಷ್ಟು ಬಂದಿದೆ ಸರ್." ಮನೇಲಿ ಉಳಿದಿದ್ದ ಬಾಟಲಿ ತೆಗೆದು ನೋಡಿದೆ. ತಳದಲ್ಲಿ ಏನೂ ಆಗಿರಲಿಲ್ಲ. ಎಣ್ಣೆಯಿಂದ ಮೇಲೆ ತಲೆ ಎತ್ತಿದ್ದ ಹೋಳುಗಳಿಗೆ ಮಾತ್ರ ಬೂಷ್ಟು ಹತ್ತಿತ್ತು.

ಬೂಷ್ಟಿಗೆ ನೀರೂ ಬೇಕು, ಗಾಳಿಯೂ ಬೇಕು. ಉಪ್ಪು ನೀರನ್ನು ಅದಕ್ಕೆ ಸಿಗದ ಹಾಗೆ ಮಾಡುತ್ತೆ, ಎಣ್ಣೆ ಗಾಳಿ ತಡೆಯುತ್ತೆ. ಅದಕ್ಕೇ ಎಣ್ಣೆ ಉಪ್ಪಿನಕಾಯಿಗೆ ಎಫ್‌ಎಸ್‌ಎಸ್‌ಎಐ ಒಂದು ಅಳತೆ ಇಟ್ಟಿದೆ: ಹೋಳುಗಳ ಮೇಲೆ ಕನಿಷ್ಠ ಅರ್ಧ ಸೆಂಟಿಮೀಟರ್ ಎಣ್ಣೆ ನಿಲ್ಲಬೇಕು, ಇಲ್ಲವೇ ಒಟ್ಟು ತೂಕದಲ್ಲಿ ಶೇ. 10ರಷ್ಟಾದರೂ ಎಣ್ಣೆ ಇರಬೇಕು. ನಾನು ಎಣ್ಣೆ ಉಳಿಸಲು ಹೋಗಿ ಕೆಟ್ಟೆ.

ಈಗ ಮಾಡೋದು ಹೀಗೆ. 5 ಕೆಜಿ ಹೋಳಿಗೆ 750 ಗ್ರಾಂ ಕಲ್ಲುಪ್ಪು ಹಾಕಿ, ಮೂರು ದಿನ ಜಾಡಿಯಲ್ಲಿ ಇಟ್ಟು ದಿನಾ ಒಣಗಿದ ಸೌಟಿನಿಂದ ತಿರುವುತ್ತೇನೆ. ಬಿಟ್ಟ ನೀರನ್ನು ಬಸಿದು, ಚೆನ್ನಾಗಿ ಕುದಿಸಿ ಪೂರ್ತಿ ಆರಿಸುತ್ತೇನೆ. ಹೋಳುಗಳನ್ನು ಒಂದು ದಿನ ಬಿಸಿಲಿಗೆ ಹಾಕುತ್ತೇನೆ. ಆಮೇಲೆ ಖಾರದ ಪುಡಿ, ಸಾಸಿವೆ ಪುಡಿ, ಆರಿದ ಉಪ್ಪುನೀರು ಸೇರಿಸಿ, ಕಾಯಿಸಿ ಆರಿಸಿದ ಒಂದು ಲೀಟರ್ ಎಣ್ಣೆ ಹಾಕುತ್ತೇನೆ. ಬಾಟಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಒಳಗೆ ಒಂದು ಹನಿ ನೀರೂ ಇಲ್ಲ ಅಂತ ನೋಡಿದ ಮೇಲೇ ತುಂಬೋದು. ಮಾರನೆ ದಿನ ಹೋಳು ಎಣ್ಣೆ ಕುಡಿದು ಮಟ್ಟ ಇಳಿದಿರುತ್ತೆ. ಆಗ ಮತ್ತೆ ಎಣ್ಣೆ ಹಾಕಿ ಮುಚ್ಚಳ ಬಿಗಿಯಬೇಕು. ನಾನು ತಪ್ಪಿದ್ದು ಇಲ್ಲೇ, ತುಂಬಿದ ದಿನವೇ ಸೀಲ್ ಮಾಡಿಬಿಟ್ಟಿದ್ದೆ.

ಬೂಷ್ಟು ಬಂದ ಬಾಟಲಿಯನ್ನು ಮೇಲಿಂದ ಕೆರೆದು, ಎಣ್ಣೆ ಸುರಿದು ಮಾರಬೇಡಿ. ಬೂಷ್ಟು ಹುಳಿಯನ್ನೇ ತಿನ್ನುತ್ತೆ. ಹುಳಿ ಕಡಿಮೆಯಾದರೆ ಕಣ್ಣಿಗೆ ಕಾಣದ, ಅಪಾಯದ ಬ್ಯಾಕ್ಟೀರಿಯಾಗಳಿಗೆ ದಾರಿ ಆಗುತ್ತೆ. ಪೂರ್ತಿ ಬಾಟಲಿ ಎಸೆಯಿರಿ.

ಹಪ್ಪಳ, ಮಸಾಲೆ ಪುಡಿಗೆ ಎಣ್ಣೆಯ ಕಾವಲಿಲ್ಲ, ಒಣಗಿಸೋದೇ ಎಲ್ಲ. ಹಪ್ಪಳ ಮಡಿಸಿದರೆ ಪಟ್ ಅಂತ ಮುರಿಯಬೇಕು. ಮೆಣಸಿನಕಾಯಿ ಬರಿ ನೆಲದಲ್ಲಿ ಒಣಗಿಸಬೇಡಿ, ಟಾರ್ಪಾಲ್ ಹಾಸಿ. ಬೂಷ್ಟು ಹಿಡಿದ ಕಾಯಿಯಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಅದು ಮನೇಲಿ ಹುರಿದರೂ ಪೂರ್ತಿ ಹೋಗೋದಿಲ್ಲ.

ಇನ್ನು ಕಾಗದದ ಕೆಲಸ. ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಫೋನಿನಲ್ಲೇ foscos.fssai.gov.in ತೆರೆದು ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಬರಬೇಕು. ಜೊತೆಗೆ ಹೆಚ್ಚಿನ ತೂಕದ್ದು ಮೊದಲು ಬರುವಂತೆ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು, ಬ್ಯಾಚ್ ನಂಬರ್.

ಬ್ಯಾಚ್ ನಂಬರ್ ಅಂದರೆ ಬರೀ ಅಲಂಕಾರ ಅಂದುಕೊಂಡಿದ್ದೆ. ಆ ಫೋನ್ ಬಂದ ದಿನ ಯಾವ ಜಾಡಿಯದು ಯಾರಿಗೆ ಹೋಗಿದೆ ಅಂತ ಗೊತ್ತಾಗದೆ, ಎಲ್ಲ ಗ್ರಾಹಕರಿಗೂ ಫೋನ್ ಮಾಡಿ ಬಾಟಲಿ ವಾಪಸ್ ತರಿಸಿದೆ. ಈಗ ಒಂದೊಂದು ಜಾಡಿಗೂ ಒಂದು ನಂಬರ್. ಪ್ರತಿ ಬ್ಯಾಚಿನ ಒಂದು ಬಾಟಲಿ ಕೊನೆಯ ದಿನಾಂಕದವರೆಗೂ ಮನೆ ಕಪಾಟಿನಲ್ಲೇ ಇರುತ್ತೆ, ಹದಿನೈದು ದಿನಕ್ಕೊಮ್ಮೆ ಅದರ ಎಣ್ಣೆ ಮಟ್ಟ ನೋಡುತ್ತೇನೆ.